ಕ್ಲಿಕ್ ಬರುತ್ತಿದೆ, ಆರ್ಡರ್ ಬರುತ್ತಿಲ್ಲ: ಕೀವರ್ಡ್ ಒಂದು ಹೇಳಿ ಲಿಸ್ಟಿಂಗ್ ಇನ್ನೊಂದು ಹೇಳುವಾಗ ದೋಷ ಹುಡುಕುವುದು ಹೇಗೆ

ಜಾಹೀರಾತಿಗೆ ದುಡ್ಡು ಹೋಗುತ್ತಿದೆ, ಜನ ಕ್ಲಿಕ್ ಮಾಡುತ್ತಿದ್ದಾರೆ, ಆದರೆ ಕೊಳ್ಳುತ್ತಿಲ್ಲ. ಹೀಗಾದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಬಿಡ್ ಮೇಲೆ. ಬಿಡ್ ಇಳಿಸುತ್ತಾರೆ, ಖರ್ಚು ಕಡಿಮೆಯಾಗುತ್ತದೆ, ಜೊತೆಗೆ ಬರುತ್ತಿದ್ದ ನಾಲ್ಕು ಆರ್ಡರೂ ನಿಲ್ಲುತ್ತದೆ. ನಾನೂ ಇದನ್ನೇ ಎಷ್ಟೋ ಸಲ ಮಾಡಿದ್ದೇನೆ. ಈಗ ಬಿಡ್ ಮುಟ್ಟುವುದು ಕೊನೆಗೆ. ಮೊದಲು ನೋಡುವುದು ಇಷ್ಟೇ: ಗಿರಾಕಿ ಯಾವ ಮಾತು ಟೈಪ್ ಮಾಡಿ ಬಂದರು, ಬಂದ ಮೇಲೆ ನಮ್ಮ ಪುಟದಲ್ಲಿ ಆ ಮಾತಿಗೆ ಉತ್ತರ ಸಿಕ್ಕಿತಾ?

ಅಮೆಜಾನ್‌ನ ಸ್ಪಾನ್ಸರ್ಡ್ ಪ್ರಾಡಕ್ಟ್ಸ್ ಜಾಹೀರಾತನ್ನು ಇಟ್ಟುಕೊಂಡು ಹೇಳುತ್ತೇನೆ. ಬೇರೆ ಮಾರುಕಟ್ಟೆ ತಾಣಗಳಲ್ಲಿ ಕಾಲಮ್‌ಗಳ ಹೆಸರು ಬೇರೆ ಇರಬಹುದು, ಹುಡುಕುವ ದಾರಿ ಮಾತ್ರ ಇದೇ.

ಇದು ನಿಮ್ಮ ದೋಷ ಹೌದಾ, ಮೊದಲು ನೋಡಿಕೊಳ್ಳಿ

ಜಾಹೀರಾತು ಯಾರಿಗೂ ಕಾಣಿಸುತ್ತಲೇ ಇಲ್ಲ ಅಂದರೆ ಅದು ಬಿಡ್‌ನ ಸಮಸ್ಯೆ, ಇಲ್ಲವೇ ನಿಮ್ಮ ವಸ್ತು ಆ ಪದಕ್ಕೆ ಹೊಂದುತ್ತದೆ ಎಂದು ತಾಣಕ್ಕೇ ಅನ್ನಿಸಿಲ್ಲ. ಕಾಣಿಸುತ್ತಿದೆ, ಆದರೆ ಕ್ಲಿಕ್ ಇಲ್ಲ ಅಂದರೆ ಮುಖ್ಯ ಫೋಟೋ, ಟೈಟಲ್, ಬೆಲೆ, ರೇಟಿಂಗ್ ನೋಡಬೇಕು. ಹುಡುಕಾಟದ ಪುಟದಲ್ಲಿ ಗಿರಾಕಿಗೆ ಕಾಣುವುದು ಹೆಚ್ಚುಕಡಿಮೆ ಅಷ್ಟೇ. ಈ ಬರಹ ಮೂರನೆಯ ಸ್ಥಿತಿಗೆ ಮಾತ್ರ: ಕ್ಲಿಕ್ ಇದೆ, ಆರ್ಡರ್ ಇಲ್ಲ.

ಸ್ಟಾಕ್ ಖಾಲಿಯಾಗಿತ್ತಾ, ನಡುವೆ ಬೆಲೆ ಏರಿತ್ತಾ, ಇತ್ತೀಚೆಗೆ ಕೆಟ್ಟ ರಿವ್ಯೂ ಮೇಲೆ ಬಂದು ಕೂತಿದೆಯಾ, ಇವನ್ನೂ ಒಮ್ಮೆ ನೋಡಿಬಿಡಿ. ಐದು ನಿಮಿಷದ ಕೆಲಸ.

ಕೀವರ್ಡ್ ನೋಡಬೇಡಿ, ಟೈಪ್ ಮಾಡಿದ ಮಾತು ನೋಡಿ

ಇಲ್ಲೇ ಹೆಚ್ಚು ಜನ ದಾರಿ ತಪ್ಪುವುದು. ನೀವು ದುಡ್ಡು ಕಟ್ಟುವ ಕೀವರ್ಡ್ ಬೇರೆ, ಗಿರಾಕಿ ಟೈಪ್ ಮಾಡಿದ ಮಾತು ಬೇರೆ. `laptop backpack` ಎಂಬ ಕೀವರ್ಡನ್ನು ಬ್ರಾಡ್ ಮ್ಯಾಚ್‌ನಲ್ಲಿ ಹಾಕಿದರೆ, ಅದರ ಹಿಂದೆ ಮುಂದೆ ನಡುವೆ ಏನೇನೋ ಸೇರಿದ ಹುಡುಕಾಟಗಳಿಗೂ ನಿಮ್ಮ ಜಾಹೀರಾತು ಹೋಗುತ್ತದೆ. ಕ್ಯಾಂಪೇನ್ ಪುಟದಲ್ಲಿ ಅವೆಲ್ಲ ಒಂದೇ ಸಾಲಾಗಿ ಕಾಣುತ್ತವೆ. ಆ ಒಂದು ಸಾಲನ್ನು ಎಷ್ಟು ಹೊತ್ತು ದಿಟ್ಟಿಸಿದರೂ ದೋಷ ಸಿಗುವುದಿಲ್ಲ, ಯಾಕೆಂದರೆ ಅದರೊಳಗೆ ಚೆನ್ನಾಗಿ ಮಾರುವ ಮಾತೂ ಇದೆ, ಒಂದೂ ಮಾರದ ಮಾತೂ ಇದೆ, ಎರಡೂ ಸೇರಿ ಒಂದು ಸಾಧಾರಣ ಲೆಕ್ಕವಾಗಿ ಕೂತಿದೆ.

ಬೇಕಾದ್ದು ಸರ್ಚ್ ಟರ್ಮ್ ರಿಪೋರ್ಟ್. ಇಳಿಸಿಕೊಂಡು ಮೂರು ಕಾಲಮ್ ಮಾತ್ರ ಹೊಸ ಶೀಟ್‌ಗೆ ಹಾಕಿ: `Customer Search Term`, `Clicks`, `7 Day Total Orders (#)`. ಕಳೆದ 60 ದಿನ ಸಾಕು, ಆದರೆ ತೀರಾ ಇತ್ತೀಚಿನ ಒಂದು ವಾರ ಬಿಟ್ಟುಬಿಡಿ. ಮಾರಾಟಗಾರರ ವರದಿಯಲ್ಲಿ ಕ್ಲಿಕ್ ಮಾಡಿದ 7 ದಿನದೊಳಗೆ ಬಂದ ಆರ್ಡರ್ ಆ ಕ್ಲಿಕ್‌ನ ಲೆಕ್ಕಕ್ಕೆ ಸೇರುತ್ತದೆ. ಅಂದರೆ ನಿನ್ನೆ ಕ್ಲಿಕ್ ಮಾಡಿದವರು ನಾಡಿದ್ದು ಕೊಳ್ಳಬಹುದು. ಈಗಲೇ ಎಣಿಸಿದರೆ ಸುಮ್ನೆ ಸೋತಂತೆ ಕಾಣುತ್ತದೆ.

ವರದಿಯಲ್ಲಿ ಕೆಲವು ಸಾಲುಗಳು ಮಾತಾಗಿರುವುದಿಲ್ಲ, `b0` ಎಂದು ಶುರುವಾಗುವ ಹತ್ತು ಅಕ್ಷರದ ಕೋಡ್ ಆಗಿರುತ್ತವೆ. ಅವು ಬೇರೆ ವಸ್ತುವಿನ ಪುಟದಲ್ಲಿ ನಿಮ್ಮ ಜಾಹೀರಾತು ಕಂಡು ಬಂದ ಕ್ಲಿಕ್‌ಗಳು. ಅಲ್ಲಿ ಯಾರೂ ಏನನ್ನೂ ಟೈಪ್ ಮಾಡಿಲ್ಲ. ತೆಗೆದು ಬೇರೆ ಶೀಟ್‌ಗೆ ಹಾಕಿ, ಇದರ ಜೊತೆ ಬೆರೆಸಬೇಡಿ.

ಒಂದೇ ಅರ್ಥದ ಮಾತು ಹತ್ತು ಬಗೆಯಲ್ಲಿ ಬಂದಿರುತ್ತದೆ, ಒಂದೊಂದಕ್ಕೆ ಎರಡು ಮೂರು ಕ್ಲಿಕ್. ಬಿಡಿಬಿಡಿಯಾಗಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಪದ ಹಿಡಿದು ಕೂಡಿಸಿ. ಮಾತುಗಳು A ಕಾಲಮ್‌ನಲ್ಲಿ, ಕ್ಲಿಕ್ B, ಆರ್ಡರ್ C ಎಂದಿದ್ದರೆ:

```
=SUMIF(A:A,"*waterproof*",B:B)
=SUMIF(A:A,"*waterproof*",C:C)
```

ಮೊದಲನೆಯದು ಆ ಪದ ಇರುವ ಎಲ್ಲ ಹುಡುಕಾಟಗಳ ಕ್ಲಿಕ್, ಎರಡನೆಯದು ಅವುಗಳ ಆರ್ಡರ್. ಗಿರಾಕಿ ಏನೋ ಒಂದನ್ನು ಕೇಳುತ್ತಿರುವ ಪದಗಳನ್ನು ಆರಿಸಿ: ಅಳತೆ, ಬಣ್ಣ, ಬಟ್ಟೆ, ಬಳಕೆ. `bag` ಎಂದು ಕೂಡಿಸಿದರೆ ಏನೂ ತಿಳಿಯುವುದಿಲ್ಲ.

ಒಂದು ಬ್ಯಾಗಿನ ಲೆಕ್ಕ

ಒಂದು ಉದಾಹರಣೆ ಹಿಡಿದು ಪೂರ್ತಿ ನೋಡೋಣ. ಬೆನ್ನಿಗೆ ಹಾಕುವ ಲ್ಯಾಪ್‌ಟಾಪ್ ಬ್ಯಾಗ್. 15.6 ಇಂಚಿನ ಲ್ಯಾಪ್‌ಟಾಪ್‌ವರೆಗೆ ಹಿಡಿಯುತ್ತದೆ. ಬಟ್ಟೆಗೆ ಲೇಪನ ಇದೆ, ತುಂತುರು ಮಳೆ ತಡೆಯುತ್ತದೆ, ಜೋರು ಮಳೆಗೆ ಹೊಲಿಗೆಯ ಕಡೆಯಿಂದ ನೀರು ಒಳಗೆ ಬರುತ್ತದೆ. ಹಿಂಭಾಗದಲ್ಲಿ ಸೂಟ್‌ಕೇಸಿನ ಹಿಡಿಗೆ ಸಿಕ್ಕಿಸುವ ಪಟ್ಟಿ ಇದೆ. ಕಪ್ಪು ಮತ್ತು ಬೂದು, ಎರಡು ಬಣ್ಣ. ಈ ಪುಟಕ್ಕೆ ಜಾಹೀರಾತಿಲ್ಲದೆ ಬರುವ ನೂರು ಜನರಲ್ಲಿ ಸುಮಾರು ಹತ್ತು ಜನ ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಜಾಹೀರಾತಿನಿಂದ 400 ಕ್ಲಿಕ್, 15 ಆರ್ಡರ್. ನೂರಕ್ಕೆ ನಾಲ್ಕೂ ಇಲ್ಲ. ಒಡೆದು ನೋಡಿದಾಗ ಕಂಡಿದ್ದು ಹೀಗೆ, ಮೊದಲ ಸಂಖ್ಯೆ ಕ್ಲಿಕ್, ಎರಡನೆಯದು ಆರ್ಡರ್:

```
15.6 inch laptop backpack        90   10
waterproof laptop backpack      110    2
17 inch laptop bag               60    0
laptop bag with trolley sleeve   40    1
trolley laptop bag               30    0
grey laptop backpack             40    1
other                            30    1
```

ಮೊದಲ ಸಾಲನ್ನೇ ಗಟ್ಟಿಯಾಗಿ ನೋಡಿ. 90 ಕ್ಲಿಕ್‌ಗೆ 10 ಆರ್ಡರ್, ಅಂದರೆ ಚೆನ್ನಾಗಿಯೇ ಇದೆ. ಈ ಸಾಲು ಒಂದು ದೊಡ್ಡ ವಿಷಯ ಹೇಳುತ್ತಿದೆ: ಬೆಲೆ ಸರಿ ಇದೆ, ಫೋಟೋ ಸರಿ ಇದೆ, ರಿವ್ಯೂ ಸರಿ ಇದೆ. ಬೇಕಾದ ವಸ್ತು ಇದೇ ಅನ್ನಿಸಿದವರು ಕೊಳ್ಳುತ್ತಿದ್ದಾರೆ. ಹಾಗಾದರೆ ತೊಂದರೆ ಉಳಿದ ಮಾತುಗಳಿಗೂ ಪುಟಕ್ಕೂ ನಡುವೆ ಇದೆ. ಎಲ್ಲ ಸಾಲೂ ಒಂದೇ ಥರ ಕೆಟ್ಟಿದ್ದರೆ ಮಾತ್ರ ಕಥೆ ಬೇರೆ, ಆಗ ಕೀವರ್ಡ್ ಕೆದಕುತ್ತಾ ಕೂರಬೇಡಿ. ಬೆಲೆ, ರೇಟಿಂಗ್, ತಲುಪಿಸುವ ದಿನ ನೋಡಿ.

ಇಲ್ಲಿ ಒಂದು ಎಚ್ಚರಿಕೆ. ಕಡಿಮೆ ಕ್ಲಿಕ್ ನೋಡಿ ತೀರ್ಪು ಕೊಡಬೇಡಿ. ನಿಜವಾಗಿಯೂ ಹತ್ತಕ್ಕೆ ಒಂದು ಮಾರುವ ಮಾತಾದರೂ, 10 ಕ್ಲಿಕ್ ಬಂದಾಗ ಒಂದೂ ಆರ್ಡರ್ ಇಲ್ಲದಿರುವುದು 100ರಲ್ಲಿ ಸುಮಾರು 35 ಸಲ ಆಗುತ್ತದೆ. 20 ಕ್ಲಿಕ್‌ಗೆ ಸುಮಾರು 12 ಸಲ. 30 ಕ್ಲಿಕ್ ಆದ ಮೇಲೆ ಅದು 4ಕ್ಕೆ ಇಳಿಯುತ್ತದೆ. ಹಾಗಾಗಿ 30 ಕ್ಲಿಕ್ ಆಗುವವರೆಗೆ ನಾನು ಅನುಮಾನ ಪಡುತ್ತೇನೆಯೇ ಹೊರತು ಕತ್ತರಿ ಹಾಕುವುದಿಲ್ಲ. ನಿಮ್ಮ ವಸ್ತು ಇಪ್ಪತ್ತಕ್ಕೆ ಒಂದು ಮಾರುವಂಥದ್ದಾದರೆ ಇದರ ಎರಡರಷ್ಟು ಕಾಯಬೇಕು.

ಪ್ರತಿ ಸಾಲಿಗೂ ಕೇಳುವ ಪ್ರಶ್ನೆ

ಆ ಮಾತು ಕೇಳುವ ಗುಣ ನಮ್ಮ ವಸ್ತುವಿನಲ್ಲಿ ಇದೆಯಾ? ಇಲ್ಲದಿದ್ದರೆ ಜಾಹೀರಾತು ತಪ್ಪು. ಇದ್ದರೆ, ಪುಟದಲ್ಲಿ ಅದು ಕಾಣುತ್ತದಾ? ಕಾಣದಿದ್ದರೆ ಲಿಸ್ಟಿಂಗ್ ತಪ್ಪು.

ಕಾಣುತ್ತದಾ ಎಂದು ನೋಡುವುದಕ್ಕೂ ಒಂದು ಕ್ರಮ ಇದೆ. ಕಂಪ್ಯೂಟರ್‌ನಲ್ಲಿ ನೋಡಬೇಡಿ. ಫೋನ್ ತೆಗೆದುಕೊಳ್ಳಿ, ಲಿಸ್ಟಿಂಗ್ ತೆರೆಯಿರಿ, ಬೆರಳಿಂದ ಮೇಲೆ ತಳ್ಳಬೇಡಿ. ಮೊದಲ ಪರದೆಯಲ್ಲಿ, ಇಲ್ಲವೇ ಫೋಟೋಗಳನ್ನು ಎರಡು ಮೂರು ಸಲ ಸರಿಸಿದಾಗ, ಆ ಮಾತಿಗೆ ಉತ್ತರ ಸಿಗಬೇಕು. ವಿವರಣೆಯ ಆರನೇ ಸಾಲಿನಲ್ಲಿ ಬರೆದಿದ್ದೀನಲ್ಲ ಅಂದರೆ ಅದು ಬರೆದಂತಲ್ಲ. ಅಷ್ಟು ದೂರ ಬರುವ ಮೊದಲೇ ಗಿರಾಕಿ ಹಿಂದಕ್ಕೆ ಹೋಗಿರುತ್ತಾರೆ, ನಿಮ್ಮ ಕ್ಲಿಕ್‌ನ ದುಡ್ಡೂ ಹೋಗಿರುತ್ತದೆ.

ಲಿಸ್ಟಿಂಗ್‌ನ ಹಿಂಬದಿಯಲ್ಲಿ, ಗಿರಾಕಿಗೆ ಕಾಣದಂತೆ ತುಂಬುವ ಸರ್ಚ್ ಟರ್ಮ್ಸ್ ಜಾಗವನ್ನೂ ತೆರೆದು ನೋಡಿ. ಈ ದೋಷದ ಬೇರು ಎಷ್ಟೋ ಸಲ ಅಲ್ಲೇ ಇರುತ್ತದೆ. ಹುಡುಕಾಟ ಜಾಸ್ತಿ ಇದೆ ಅಂತ ಯಾರೋ ಹಿಂದೆ ಸಂಬಂಧವಿಲ್ಲದ ಪದಗಳನ್ನು ಅಲ್ಲಿ ಸುರಿದಿರುತ್ತಾರೆ. ಅವು ತಾಣಕ್ಕೆ ಕಾಣುತ್ತವೆ, ಗಿರಾಕಿಗೆ ಕಾಣುವುದಿಲ್ಲ. ಹಾಗಾಗಿ ಹೊಂದದ ಹುಡುಕಾಟಕ್ಕೂ ನಿಮ್ಮ ವಸ್ತು ಹೋಗಿ ನಿಲ್ಲಬಹುದು, ಪುಟದಲ್ಲಿ ಮಾತ್ರ ಅದರ ಸುಳಿವೇ ಇರುವುದಿಲ್ಲ. ವಸ್ತುವಿಗೆ ಸೇರದ ಪದ ಕಂಡರೆ ಅಳಿಸಿ.

ಈಗ ನಮ್ಮ ಬ್ಯಾಗಿಗೆ ಬರೋಣ.

`17 inch laptop bag`. 60 ಕ್ಲಿಕ್, ಸೊನ್ನೆ. ಬ್ಯಾಗಿಗೆ 17 ಇಂಚು ಹಿಡಿಯುವುದೇ ಇಲ್ಲ. ಯೋಚಿಸುವುದೇನೂ ಉಳಿದಿಲ್ಲ, `17 inch` ಎಂಬುದನ್ನು ನೆಗೆಟಿವ್ ಫ್ರೇಸ್ ಆಗಿ ಹಾಕಿ, ಅಂದರೆ ಆ ಮಾತು ಒಳಗಿರುವ ಯಾವ ಹುಡುಕಾಟಕ್ಕೂ ಜಾಹೀರಾತು ಹೋಗದಂತೆ ತಡೆಯಿರಿ. ಆದರೆ ಅದೊಂದೇ ಸಾಲದು. `17.3 inch` ಎಂದು ಹುಡುಕಿದವರಿಗೆ ಅದು ತಾಗುವುದಿಲ್ಲ, ಅದನ್ನೂ ಸೇರಿಸಿ. ನಿಮ್ಮ ವರದಿಯಲ್ಲಿ ಜನ ಹೇಗೆ ಹೇಗೆ ಬರೆದಿದ್ದಾರೋ ಅವೆಲ್ಲ ಬರಬೇಕು.

ಜೊತೆಗೆ, ಇಷ್ಟು ಜನ ಯಾಕೆ ಕ್ಲಿಕ್ ಮಾಡಿದರು ಅಂತ ಕೇಳಿಕೊಳ್ಳಿ. ಟೈಟಲ್‌ನಲ್ಲಿ ಅಳತೆ ತೀರಾ ಕೊನೆಯಲ್ಲಿತ್ತು, ಫೋನ್‌ನಲ್ಲಿ ಅಲ್ಲಿಗೆ ಬರುವ ಮೊದಲೇ ಟೈಟಲ್ ಕತ್ತರಿಸಿ ಹೋಗುತ್ತಿತ್ತು. ಅಳತೆ ಕಾಣದೆ ಜನ ಒಳಗೆ ಬಂದು, ನೋಡಿ, ವಾಪಸ್ ಹೋದರು. `15.6 inch` ಎಂಬುದನ್ನು ಟೈಟಲ್‌ನ ಮೊದಲ ಭಾಗಕ್ಕೆ ತಂದರೆ 17 ಇಂಚಿನವರು ಕ್ಲಿಕ್ ಮಾಡುವ ಮೊದಲೇ ತಿಳಿದುಕೊಳ್ಳುತ್ತಾರೆ. ಒಳ್ಳೆಯ ಟೈಟಲ್ ಬೇಡದವರನ್ನು ಬಾಗಿಲಲ್ಲೇ ಕಳಿಸಬೇಕು.

ಇಲ್ಲಿ ಒಂದು ತಪ್ಪು ತುಂಬಾ ಸುಲಭವಾಗಿ ಆಗುತ್ತದೆ. "17 ಇಂಚಿಗೆ ಆಗುವುದಿಲ್ಲ" ಅಂತ ಬುಲೆಟ್‌ನಲ್ಲಿ ಬರೆದುಬಿಡುತ್ತಾರೆ. ಆಟೋ ಕ್ಯಾಂಪೇನ್ ಯಾವ ಹುಡುಕಾಟಕ್ಕೆ ಹೋಗಬೇಕು ಎಂದು ಆರಿಸುವುದು ನಿಮ್ಮ ಲಿಸ್ಟಿಂಗ್ ನೋಡಿಕೊಂಡೇ. ಬೇಡದ ಪದವನ್ನು ನೀವೇ ಪುಟದಲ್ಲಿ ಬರೆದರೆ ಅದೇ ಹುಡುಕಾಟ ಮತ್ತೆ ಬಂದು ಸೇರಬಹುದು. "15.6 ಇಂಚಿನವರೆಗೆ" ಎಂದು ಬರೆಯಿರಿ, ಹೋಲಿಕೆ ತೋರಿಸಲೇಬೇಕಾದರೆ ಫೋಟೋದೊಳಗೆ ತೋರಿಸಿ.

`laptop bag with trolley sleeve`. 40 ಕ್ಲಿಕ್, ಒಂದೇ ಆರ್ಡರ್. ಹತ್ತಕ್ಕೆ ಒಂದರ ಲೆಕ್ಕದಲ್ಲಿ ನಾಲ್ಕು ಬರಬೇಕಿತ್ತು. ಬರೀ ಅದೃಷ್ಟ ಕೆಟ್ಟು ಹೀಗಾಗುವುದು 100ರಲ್ಲಿ 8 ಸಲ ಇದೆ, ಆದ್ದರಿಂದ ಸಂಖ್ಯೆಯೊಂದೇ ತೀರಾ ಗಟ್ಟಿ ಸಾಕ್ಷಿಯಲ್ಲ. ಆದರೆ ಪುಟ ತೆರೆದು ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಪಟ್ಟಿ ಬ್ಯಾಗಿನಲ್ಲಿದೆ, ಲಿಸ್ಟಿಂಗ್‌ನಲ್ಲಿ ಇಲ್ಲ. ಎಲ್ಲ ಫೋಟೋಗಳೂ ಮುಂಭಾಗದ್ದೇ. ಬ್ರಾಡ್ ಮ್ಯಾಚ್‌ನಿಂದ ಜನ ಬಂದಿದ್ದಾರೆ, ಹುಡುಕಿದ್ದಾರೆ, ಸಿಗದೆ ಹೋಗಿದ್ದಾರೆ. ನನಗೆ ಅತಿ ಹೆಚ್ಚು ಹೊಟ್ಟೆ ಉರಿಯುವುದು ಇಂಥ ಸಾಲು ನೋಡಿದಾಗ. ವಸ್ತು ಇದೆ, ಬೇಕಾದವರು ಬಾಗಿಲವರೆಗೂ ಬಂದಿದ್ದಾರೆ, ಹೇಳುವವರೇ ಇಲ್ಲ. ಇಲ್ಲಿ ನೆಗೆಟಿವ್ ಹಾಕಿದರೆ ಒಳ್ಳೆಯ ಗಿರಾಕಿಯನ್ನು ನಾವೇ ಓಡಿಸಿದಂತೆ.

ಸೂಟ್‌ಕೇಸಿನ ಹಿಡಿಗೆ ಬ್ಯಾಗ್ ಸಿಕ್ಕಿಸಿರುವ ಒಂದು ಫೋಟೋ ತೆಗೆದು ಎರಡನೆಯದೋ ಮೂರನೆಯದೋ ಆಗಿ ಹಾಕಿ. ಬುಲೆಟ್‌ನಲ್ಲಿ ಗಿರಾಕಿಯ ಮಾತನ್ನೇ ಬಳಸಿ. ಕಾರ್ಖಾನೆಯ ಪಟ್ಟಿಯಲ್ಲಿ ಅದಕ್ಕೆ `luggage strap` ಅಂತ ಹೆಸರಿರಬಹುದು, ಆದರೆ ನಿಮ್ಮ ವರದಿಯಲ್ಲಿ ಜನ ಬರೆದಿರುವುದು `trolley sleeve`. ಪುಟದಲ್ಲಿ ಜನರ ಹೆಸರೇ ಇರಲಿ.

`trolley laptop bag`. ನೋಡಲು ಹತ್ತಿರದ ಮಾತು, ಕೇಳುತ್ತಿರುವುದು ಬೇರೆಯೇ. ಇವರಿಗೆ ಬೇಕಾಗಿರುವುದು ಚಕ್ರ ಇರುವ, ಎಳೆದುಕೊಂಡು ಹೋಗುವ ಬ್ಯಾಗ್. ಸೊನ್ನೆ ನೋಡಿದ ಸಿಟ್ಟಿಗೆ `trolley` ಎಂಬ ಒಂಟಿ ಪದವನ್ನು ನೆಗೆಟಿವ್ ಫ್ರೇಸ್ ಮಾಡಿದಿರೋ, ಆಗಷ್ಟೇ ಸರಿಮಾಡಿದ `trolley sleeve` ಹುಡುಕಾಟವೂ ಅದರ ಜೊತೆ ಸತ್ತುಹೋಗುತ್ತದೆ. ಇಲ್ಲಿ ಪೂರ್ತಿ ಮಾತನ್ನೇ ನೆಗೆಟಿವ್ ಎಕ್ಸಾಕ್ಟ್ ಆಗಿ ಹಾಕಬೇಕು, ಆಗ ಆ ಒಂದು ಹುಡುಕಾಟ ಮಾತ್ರ ನಿಲ್ಲುತ್ತದೆ. ಯಾವ ಪದವನ್ನಾದರೂ ನೆಗೆಟಿವ್ ಫ್ರೇಸ್ ಮಾಡುವ ಮೊದಲು ಮೇಲಿನ ಸೂತ್ರದಲ್ಲಿ ಹಾಕಿ ನೋಡಿ. ಆ ಪದ ಇರುವ ಸಾಲುಗಳಲ್ಲಿ ಒಂದಾದರೂ ಆರ್ಡರ್ ಇದ್ದರೆ ಕೈ ತಡೆದು, ಆ ಸಾಲು ಯಾವುದು ಎಂದು ಓದಿ.

`waterproof laptop backpack`. 110 ಕ್ಲಿಕ್, ಎರಡು ಆರ್ಡರ್. ಅತಿ ಹೆಚ್ಚು ದುಡ್ಡು ಹೋಗಿರುವುದು ಇಲ್ಲಿ, ತೀರ್ಮಾನ ಕಷ್ಟವಿರುವುದೂ ಇಲ್ಲೇ. ಬ್ಯಾಗ್ ನೀರು ತಡೆಯುತ್ತದೆ, ಆದರೆ ಪೂರ್ತಿ ಅಲ್ಲ. ಟೈಟಲ್‌ಗೆ `waterproof` ಎಂದು ಸೇರಿಸಿಬಿಟ್ಟರೆ ಆರ್ಡರ್ ಏರಬಹುದು, ನಿಜ. ಆಮೇಲೆ ಜೋರು ಮಳೆಯಲ್ಲಿ ಲ್ಯಾಪ್‌ಟಾಪ್ ನೆನೆಯುತ್ತದೆ, ಬ್ಯಾಗ್ ವಾಪಸ್ ಬರುತ್ತದೆ, ಒಂದು ಸ್ಟಾರ್ ಉಳಿಯುತ್ತದೆ. ಆ ಒಂದು ಸ್ಟಾರ್ ಬಂದು ಕೂರುವುದು ಚೆನ್ನಾಗಿ ಮಾರುತ್ತಿರುವ ಮೊದಲ ಸಾಲಿನ ಮೇಲೂ. ಹಾಗೆ ಮಾಡಬೇಡಿ.

ನಾನು ಮಾಡುವುದು ಇದು. ಮೊದಲ ಬುಲೆಟ್‌ನಲ್ಲಿ ನೇರವಾಗಿ ಬರೆಯುತ್ತೇನೆ: ಲೇಪನ ಇರುವ ಬಟ್ಟೆ, ತುಂತುರು ಮಳೆ ತಡೆಯುತ್ತದೆ, ಜೋರು ಮಳೆಗೆ ಹೊದಿಕೆ ಬೇಕು. `water resistant` ಎಂಬ ಪದವನ್ನು ಟೈಟಲ್‌ಗೆ ತರುತ್ತೇನೆ, ಅದನ್ನೇ ಹೊಸ ಕೀವರ್ಡ್ ಮಾಡುತ್ತೇನೆ. `waterproof` ಹುಡುಕಾಟವನ್ನು ಹಳೆಯ ಕ್ಯಾಂಪೇನ್‌ನಲ್ಲಿ ನೆಗೆಟಿವ್ ಮಾಡಿ, ಬೇರೆ ಕ್ಯಾಂಪೇನ್‌ನಲ್ಲಿ ಕಡಿಮೆ ಬಿಡ್ ಇಟ್ಟು ಬಿಡುತ್ತೇನೆ. ಎರಡು ಪದಗಳ ವ್ಯತ್ಯಾಸ ಯೋಚಿಸದೆ ಟೈಪ್ ಮಾಡುವವರೂ ಇದ್ದಾರಲ್ವಾ, ಪುಟ ಓದಿ ಇಷ್ಟು ಸಾಕು ಅನ್ನುವವರು ಕೊಳ್ಳಲಿ. ಬಿಡ್ ಎಷ್ಟು ಎನ್ನುವುದಕ್ಕೂ ಲೆಕ್ಕ ಇದೆ. ಒಂದು ಆರ್ಡರ್‌ನಲ್ಲಿ ಜಾಹೀರಾತಿಗೆ ಮೊದಲು ಉಳಿಯುವ ಲಾಭವನ್ನು 100 ಎಂದು ಹಿಡಿದರೆ, ಒಂದು ಕ್ಲಿಕ್‌ಗೆ ಕೊಡಬಹುದಾದ ಗರಿಷ್ಠ ಅಂದರೆ ಆರ್ಡರ್ ಭಾಗಿಸು ಕ್ಲಿಕ್, ಗುಣಿಸು 100. ಮೊದಲ ಸಾಲಿಗೆ ಅದು ಸುಮಾರು 11. ಈ ಸಾಲಿಗೆ 1.8. ಇಷ್ಟು ದಿನ ಎರಡಕ್ಕೂ ಒಂದೇ ಬಿಡ್ ಹೋಗುತ್ತಿತ್ತು, ಯಾಕೆಂದರೆ ಎರಡೂ ಒಂದೇ ಬ್ರಾಡ್ ಕೀವರ್ಡ್‌ನೊಳಗೆ ಇದ್ದವು.

`grey laptop backpack`. ಬೂದು ಬಣ್ಣ ಇದೆ, ಲಿಸ್ಟಿಂಗ್‌ನಲ್ಲೂ ಇದೆ, ಆದರೂ 40ಕ್ಕೆ ಒಂದು. ಇಲ್ಲಿ ಪದಗಳಲ್ಲಿ ತಪ್ಪಿಲ್ಲ, ಇಳಿಯುವ ಜಾಗ ತಪ್ಪು. ಎರಡೂ ಬಣ್ಣ ಒಂದೇ ಆಡ್ ಗ್ರೂಪ್‌ನಲ್ಲಿದ್ದವು, ಬೂದು ಕೇಳಿದವರಿಗೂ ಕಪ್ಪು ಬ್ಯಾಗಿನ ಜಾಹೀರಾತು ಹೋಗುತ್ತಿತ್ತು. ಯಾವ ಬಣ್ಣಕ್ಕೆ ಕ್ಲಿಕ್ ಬಿತ್ತು ಎಂದು ಸರ್ಚ್ ಟರ್ಮ್ ರಿಪೋರ್ಟ್ ನೇರವಾಗಿ ತೋರಿಸುವುದಿಲ್ಲ. ಆದರೆ `7 Day Other SKU Units (#)` ಎಂಬ ಕಾಲಮ್ ಇರುತ್ತದೆ. ಜಾಹೀರಾತು ಹಾಕಿದ ವಸ್ತು ಬಿಟ್ಟು ನಿಮ್ಮದೇ ಇನ್ನೊಂದನ್ನು ಕೊಂಡಿದ್ದರೆ ಅಲ್ಲಿ ಕಾಣುತ್ತದೆ. ಬಣ್ಣದ ಮಾತಿರುವ ಸಾಲಿನ ಆರ್ಡರ್ ಆ ಕಾಲಮ್‌ನಲ್ಲಿ ಬಿದ್ದಿದ್ದರೆ, ಒಬ್ಬರು ಕಪ್ಪಿನ ಪುಟಕ್ಕೆ ಇಳಿದು, ಹುಡುಕಿ, ಬೂದು ಆರಿಸಿಕೊಂಡಿದ್ದಾರೆ ಅಂತ ಊಹಿಸಬಹುದು. ಅಷ್ಟು ತಾಳ್ಮೆ ಇಲ್ಲದವರು ಹೋಗಿಬಿಟ್ಟಿದ್ದಾರೆ. ಬೂದು ಬಣ್ಣಕ್ಕೆ ಬೇರೆ ಆಡ್ ಗ್ರೂಪ್ ಮಾಡಿ, ಅದರಲ್ಲಿ ಬೂದು ಮಾತ್ರ ಇಡಿ, ಬಣ್ಣದ ಪದವಿರುವ ಕೀವರ್ಡ್‌ಗಳನ್ನು ಅಲ್ಲಿಗೆ ಸಾಗಿಸಿ. ಹಳೆಯದರಲ್ಲಿ `grey` ಮತ್ತು `gray` ಎರಡನ್ನೂ ನೆಗೆಟಿವ್ ಮಾಡಿ.

ಕೊನೆಯ 30 ಬಿಡಿ ಕ್ಲಿಕ್‌ಗಳನ್ನು ಸದ್ಯ ಮುಟ್ಟಬೇಡಿ. ಸಾಕಷ್ಟು ಕೂಡಿದ ಮೇಲೆ ಅವೇ ಒಂದು ಗುಂಪಾಗುತ್ತವೆ.

ಸರಿಯಾಯಿತಾ ಎಂದು ನೋಡುವುದು

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಆಮೇಲೆ ಗೊತ್ತಾಗುವುದಿಲ್ಲ. ನೆಗೆಟಿವ್‌ಗಳನ್ನು ಮೊದಲು ಹಾಕಿ, ಅವು ಪುಟವನ್ನು ಮುಟ್ಟುವುದಿಲ್ಲ. ಮುಂದಿನ ವಾರ ಫೋಟೋ ಮತ್ತು ಬುಲೆಟ್. ಟೈಟಲ್ ಕೊನೆಗೆ, ಯಾಕೆಂದರೆ ಅದು ಹುಡುಕಾಟದ ಪುಟದಲ್ಲೂ ಕಾಣುತ್ತದೆ, ಎಲ್ಲ ಸಾಲುಗಳನ್ನೂ ಒಟ್ಟಿಗೆ ಅಲುಗಾಡಿಸುತ್ತದೆ. ಹಳೆಯ ಟೈಟಲ್ ಮತ್ತು ಬದಲಿಸಿದ ತಾರೀಖು ಒಂದು ಕಡೆ ಬರೆದಿಡಿ.

ಹೋಲಿಸುವುದು ಅದೇ ಸಾಲನ್ನು, ಒಟ್ಟು ಲೆಕ್ಕವನ್ನಲ್ಲ. `trolley sleeve` ಇರುವ ಹುಡುಕಾಟಗಳಿಗೆ ಫೋಟೋ ಹಾಕಿದ ಮೇಲೆ ಇನ್ನೊಂದು 40 ಕ್ಲಿಕ್ ಆಗಲಿ, ಆಗ ಆರ್ಡರ್ ಎಣಿಸಿ. ಒಟ್ಟು ಕ್ಲಿಕ್ ಮೊದಲ ವಾರದಲ್ಲೇ ಇಳಿಯುತ್ತದೆ, ಹೆದರಬೇಡಿ. 17 ಇಂಚಿನ 60, ಚಕ್ರದ ಬ್ಯಾಗಿನ 30, ಈ 90 ಕ್ಲಿಕ್ ಹೋದರೆ ಆರ್ಡರ್ ಒಂದೂ ಕಡಿಮೆಯಾಗುವುದಿಲ್ಲ. 15 ಆರ್ಡರ್ 310 ಕ್ಲಿಕ್‌ಗೆ ಬಂದಂತಾಗುತ್ತದೆ, ಬೇರೇನೂ ಮಾಡದೆ ನೂರಕ್ಕೆ 3.75 ಇದ್ದದ್ದು 4.8 ಆಗುತ್ತದೆ. ಇದರ ಜೊತೆ ವಾಪಸ್ ಬಂದ ಬ್ಯಾಗ್‌ಗಳ ಕಾರಣಗಳನ್ನೂ ಓದುತ್ತಿರಿ, ಅವು ಜಾಹೀರಾತಿನ ವರದಿಯಲ್ಲಿ ಕಾಣುವುದಿಲ್ಲ. "ಹೇಳಿದಂತೆ ಇಲ್ಲ" ಎಂಬ ಕಾರಣ ಹೆಚ್ಚಾದರೆ ಹೊಸದಾಗಿ ಬರೆದ ಯಾವುದೋ ಮಾತು ಜಾಸ್ತಿ ಆಗಿದೆ ಎಂದರ್ಥ.

ಒಂದು ಮಾತು ವಸ್ತುವಿಗೆ ಹೊಂದುತ್ತದೆ, ಪುಟದ ಮೊದಲ ಪರದೆಯಲ್ಲೇ ಇದೆ, ಸರಿಯಾದ ಬಣ್ಣಕ್ಕೇ ಇಳಿಯುತ್ತಿದೆ, 40 ಕ್ಲಿಕ್ ಆದರೂ ಆರ್ಡರ್ ಇಲ್ಲ ಅಂದರೆ, ಆ ಮಾತನ್ನು ನೀವೇ ಫೋನ್‌ನಲ್ಲಿ ಟೈಪ್ ಮಾಡಿ ಅಕ್ಕಪಕ್ಕ ಯಾರಿದ್ದಾರೆ ನೋಡಿ. ಆ ಒಂದು ಹುಡುಕಾಟದಲ್ಲಿ ಮಾತ್ರ, ಅದೇ ಪಟ್ಟಿ ಇರುವ, ರೇಟಿಂಗ್ ಹೆಚ್ಚಿರುವ, ಬೆಲೆ ಕಡಿಮೆಯಿರುವ ಬ್ಯಾಗ್ ನಿಮ್ಮ ಪಕ್ಕದಲ್ಲೇ ನಿಂತಿರಬಹುದು. ಪುಟದ ಪದಗಳನ್ನು ಇನ್ನಷ್ಟು ತಿದ್ದಿ ಅದನ್ನು ಗೆಲ್ಲಲಾಗುವುದಿಲ್ಲ. ಆ ಸಾಲಿನ ಬಿಡ್ ಇಳಿಸಿ, ಉಳಿದ ದುಡ್ಡನ್ನು 15.6 ಇಂಚಿನ ಸಾಲಿಗೆ ಕೊಡಿ.